ಅಳಿಸುವ ಗುಂಡಿ ಕಾಣದಿದ್ದಾಗ: ಮೊಬೈಲ್ ಖಾತೆ ಮುಚ್ಚಿಸಲು ಬರೆಯಬೇಕಾದ ಪತ್ರ

ಬಿತ್ತನೆ ಬೀಜ, ಕಳೆನಾಶಕ, ಸಿಂಪರಣಾ ಯಂತ್ರ ಮುಂತಾದವುಗಳನ್ನು ಮೊಬೈಲ್ ಆ್ಯಪ್ ಮೂಲಕ ತರಿಸಿಕೊಳ್ಳುವುದು ಈಗ ಹಳ್ಳಿಗಳಲ್ಲಿಯೂ ರೂಢಿಗೆ ಬಂದಿದೆ. ಇಂತಹ ಆ್ಯಪ್‌ನಲ್ಲಿ ಖಾತೆ ತೆರೆಯಲು ಐದು ನಿಮಿಷ ಸಾಕು. ಆದರೆ ಅದೇ ಖಾತೆಯನ್ನು ಮುಚ್ಚಬೇಕೆಂದು ಹೊರಟಾಗ ಅದಕ್ಕೆ ಬೇಕಾದ ಗುಂಡಿ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಹೀಗಾದಾಗ ರೈತರು ಕೈಗೊಳ್ಳಬೇಕಾದ ಕ್ರಮವೆಂದರೆ ಸಂಸ್ಥೆಗೆ ಒಂದು ಪತ್ರ ಬರೆಯುವುದು. ಆ ಪತ್ರದಲ್ಲಿ ಏನಿರಬೇಕು, ಯಾರಿಗೆ ಕಳುಹಿಸಬೇಕು, ಉತ್ತರ ಬಾರದಿದ್ದರೆ ಏನು ಮಾಡಬೇಕು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಆ್ಯಪ್ ತೆಗೆದರೆ ಖಾತೆ ಹೋಗುವುದಿಲ್ಲ

ಮೊಬೈಲಿನಿಂದ ಆ್ಯಪ್ ತೆಗೆದುಹಾಕಿದರೆ ಎಲ್ಲವೂ ಮುಗಿಯಿತೆಂದು ಬಹಳ ಮಂದಿ ತಿಳಿದಿದ್ದಾರೆ. ಇದು ಸರಿಯಲ್ಲ. ಜೇಕು ಕಳೆಯನ್ನು ಕುಡುಗೋಲಿನಿಂದ ಕೊಯ್ದರೆ ಮೇಲಿನ ಹಸುರು ಮಾತ್ರ ಹೋಗುತ್ತದೆ. ಗಡ್ಡೆ ನೆಲದೊಳಗೇ ಉಳಿದು ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಅದೇ ರೀತಿ ನಿಮ್ಮ ಮೊಬೈಲಿನಲ್ಲಿರುವ ಆ್ಯಪ್ ಕೇವಲ ಮೇಲಿನ ಎಲೆ. ನೀವು ಕೊಟ್ಟ ಹೆಸರು, ಫೋನ್ ಸಂಖ್ಯೆ, ಸರ್ವೆ ನಂಬರು, ಬ್ಯಾಂಕ್ ಖಾತೆಯ ವಿವರ ಇವೆಲ್ಲ ಸಂಸ್ಥೆಯ ಗಣಕಯಂತ್ರಗಳಲ್ಲಿ ಇರುತ್ತವೆ. ಅವನ್ನು ತೆಗೆಯಲು ಸಂಸ್ಥೆಯವರಿಗೆ ಮಾತ್ರ ಸಾಧ್ಯ.

ಈ ಮಾಹಿತಿ ಉಳಿದರೆ ಆಗುವ ತೊಂದರೆ ಏನು? ಸರ್ವೆ ನಂಬರು, ಬೆಳೆಯ ಹೆಸರು ಮತ್ತು ಬಿತ್ತನೆಯ ದಿನಾಂಕ ಈ ಮೂರು ಒಟ್ಟಿಗೆ ಸೇರಿದರೆ ನಿಮಗೆ ಯಾವ ವಾರದಲ್ಲಿ ಗೊಬ್ಬರ ಬೇಕು, ಯಾವ ತಿಂಗಳಲ್ಲಿ ಹಣದ ಅಡಚಣೆ ಇರುತ್ತದೆ ಎಂಬುದನ್ನು ದೂರದಲ್ಲಿ ಕುಳಿತವರೂ ಹೇಳಬಲ್ಲರು. ವ್ಯಾಪಾರಿಯ ಕೈಗೆ ಸಿಕ್ಕರೆ ಅನಗತ್ಯ ಕರೆಗಳು ಬರುತ್ತವೆ. ಮೋಸಗಾರನ ಕೈಗೆ ಸಿಕ್ಕರೆ, "ನಿಮ್ಮ ಇಂತಹ ಸರ್ವೆ ನಂಬರಿನ ಮೆಕ್ಕೆಜೋಳಕ್ಕೆ ಪರಿಹಾರ ಮಂಜೂರಾಗಿದೆ, ಮೊಬೈಲಿಗೆ ಬಂದ ಓಟಿಪಿ ಹೇಳಿ" ಎಂದು ಆತ ಕೇಳುತ್ತಾನೆ. ಸರ್ವೆ ನಂಬರು ಸರಿಯಾಗಿರುವುದರಿಂದ ಕರೆ ಮಾಡಿದವನು ಕಚೇರಿಯವನೇ ಎಂದು ನಂಬಿ ಮೋಸಹೋಗುವ ಸಂಭವ ಹೆಚ್ಚು.

ಒಂದು ಉದಾಹರಣೆ

ರಾಣೆಬೆನ್ನೂರು ತಾಲ್ಲೂಕಿನಲ್ಲಿ ಮೂರು ಎಕರೆ ಮೆಕ್ಕೆಜೋಳ ಬೆಳೆಯುವ ಒಬ್ಬ ರೈತರನ್ನು ಉದಾಹರಣೆಯಾಗಿ ಊಹಿಸಿಕೊಳ್ಳೋಣ. ಅವರು 2024ರ ಜೂನ್‌ನಲ್ಲಿ ಒಂದು ಆ್ಯಪ್ ಮೂಲಕ ಎಕರೆಗೆ 8 ಕಿಲೋದಂತೆ 24 ಕಿಲೋ ಸಂಕರಣ ಬೀಜ ಹಾಗೂ ಕಳೆನಾಶಕ ತರಿಸಿಕೊಂಡರು. ಖಾತೆ ತೆರೆಯುವಾಗ ಹೆಸರು, ಫೋನ್ ಸಂಖ್ಯೆ, ಪಹಣಿಯ ಫೋಟೋ, ಆಧಾರ್ ಚೀಟಿಯ ಫೋಟೋ ಮತ್ತು ಹಣ ವಾಪಸಾತಿಗೆಂದು ಬ್ಯಾಂಕ್ ಖಾತೆಯ ಸಂಖ್ಯೆ ಕೊಟ್ಟರು. ಹೊಲದ ಜಾಗವನ್ನು ಗುರುತಿಸಲು ಮತ್ತು ಮೊಬೈಲಿನಲ್ಲಿರುವ ಸಂಪರ್ಕ ಸಂಖ್ಯೆಗಳನ್ನು ನೋಡಲು ಆ್ಯಪ್ ಅನುಮತಿ ಕೇಳಿತು. ಅದಕ್ಕೂ ಒಪ್ಪಿಗೆ ಕೊಟ್ಟರು.

ಮುಂದಿನ ಮುಂಗಾರಿನಲ್ಲಿ ಅಪರಿಚಿತರ ಕರೆಗಳು ಹೆಚ್ಚಾದವು. ಈ ರೈತರು ಖಾತೆಯನ್ನೇ ಅಳಿಸಬೇಕೆಂದು ಆ್ಯಪ್ ತೆರೆದು ನೋಡಿದಾಗ ಹೆಸರು ಬದಲಾಯಿಸಲು, ಭಾಷೆ ಬದಲಾಯಿಸಲು ಜಾಗವಿತ್ತು; ಖಾತೆ ಅಳಿಸಲು ಇರಲಿಲ್ಲ. ಇಲ್ಲಿಂದ ಮುಂದೆ ಅವರು ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಹುಡುಕಬೇಕಾದ ಸ್ಥಳಗಳು

ಪತ್ರ ಬರೆಯುವ ಮುನ್ನ ಮೂರು ಕಡೆ ನೋಡುವುದು ಒಳ್ಳೆಯದು. ಮೊದಲನೆಯದು ಆ್ಯಪ್‌ನ ಒಳಗಿನ Settings ಅಥವಾ Privacy ಎಂಬ ಭಾಗ. ಅಲ್ಲಿ Delete account ಎಂಬುದು ಪಟ್ಟಿಯ ಕಟ್ಟಕಡೆಗೆ, ಸಣ್ಣ ಬೂದು ಅಕ್ಷರಗಳಲ್ಲಿ ಇರುವುದುಂಟು.

ಎರಡನೆಯದು ಆ್ಯಪ್ ಇಳಿಸಿಕೊಂಡ ಗೂಗಲ್ ಪ್ಲೇ ಅಂಗಡಿ. ಅಲ್ಲಿ ಆ ಆ್ಯಪ್‌ನ ಪುಟ ತೆರೆದು Data safety ಎಂಬ ಭಾಗವನ್ನು ಒತ್ತಿ, ಕೆಳಗಿನವರೆಗೂ ಓದಬೇಕು. ಖಾತೆ ತೆರೆಯಲು ಅವಕಾಶ ಕೊಡುವ ಆ್ಯಪ್, ಅದನ್ನು ಅಳಿಸುವ ದಾರಿಯನ್ನು ಆ್ಯಪ್‌ನ ಒಳಗೂ ಹೊರಗೆ ಒಂದು ಅಂತರ್ಜಾಲ ಪುಟದಲ್ಲಿಯೂ ಕೊಡಬೇಕೆಂದು ಗೂಗಲ್ ಸಂಸ್ಥೆ 2023ರಲ್ಲಿ ನಿಯಮ ಮಾಡಿದೆ. ಆದುದರಿಂದ ಆ್ಯಪ್‌ನ ಒಳಗೆ ಸಿಗದ ಕೊಂಡಿ ಕೆಲವೊಮ್ಮೆ ಇಲ್ಲಿ ಸಿಗುತ್ತದೆ.

ಮೂರನೆಯದು Privacy Policy ಎಂಬ ಉದ್ದನೆಯ ಬರಹ. ಇದನ್ನು ಪೂರ್ತಿ ಓದಬೇಕಾಗಿಲ್ಲ. ಅದರ ಕೊನೆಯ ಭಾಗದಲ್ಲಿ Grievance Officer, ಅಂದರೆ ಕುಂದುಕೊರತೆ ಅಧಿಕಾರಿಯ ಹೆಸರು, ಇ-ಮೇಲ್ ಮತ್ತು ಕಚೇರಿಯ ವಿಳಾಸ ಇರುತ್ತದೆ. ನಿಮ್ಮ ಪತ್ರ ಹೋಗಬೇಕಾದದ್ದು ಈ ಅಧಿಕಾರಿಗೆ. ಗ್ರಾಹಕ ಸೇವೆಯ ಸಾಮಾನ್ಯ ವಿಳಾಸಕ್ಕೆ ಬರೆದರೆ "ನಿಮ್ಮ ದೂರು ತಲುಪಿದೆ" ಎಂಬ ಸಿದ್ಧ ಉತ್ತರ ಬಂದು ವಿಷಯ ಅಲ್ಲಿಗೇ ನಿಲ್ಲುವುದುಂಟು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಂಸ್ಥೆಯ ಫೋನ್ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿ ಕರೆ ಮಾಡಬಾರದು. ಮೋಸಗಾರರು ತಮ್ಮ ಸಂಖ್ಯೆಯನ್ನೇ ಗ್ರಾಹಕ ಸೇವೆಯ ಸಂಖ್ಯೆಯೆಂದು ಅಲ್ಲಿ ಹಾಕಿರುತ್ತಾರೆ. ಖಾತೆ ಅಳಿಸಿಕೊಡುತ್ತೇವೆಂದು ಹೇಳಿ ಇನ್ನೊಂದು ಆ್ಯಪ್ ಹಾಕಿಕೊಳ್ಳಲು, ಇಲ್ಲವೇ ಓಟಿಪಿ ಹೇಳಲು ಯಾರಾದರೂ ಕೇಳಿದರೆ ಕೂಡಲೇ ಕರೆ ನಿಲ್ಲಿಸಬೇಕು.

ಅಳಿಸುವ ಮುನ್ನ ಉಳಿಸಿಕೊಳ್ಳಬೇಕಾದದ್ದು

ಖಾತೆ ಹೋದ ಮೇಲೆ ಅದರೊಳಗಿದ್ದ ರಸೀದಿಗಳೂ ನಿಮ್ಮ ಕೈಗೆ ಸಿಗುವುದಿಲ್ಲ. ಬೇಸಾಯ ಮಾಡುವವರಿಗೆ ಇದು ಬಹಳ ಮುಖ್ಯ. ಬೀಜ ಮೊಳೆಯದೆ ಹೋದರೆ ಅಥವಾ ಬೆರಕೆ ಬಂದರೆ ದೂರು ಕೊಡಲು ಬಿಲ್ಲು, ಅದರಲ್ಲಿರುವ ಲಾಟ್ ಸಂಖ್ಯೆ ಮತ್ತು ಚೀಲದ ಮೇಲಿನ ಚೀಟಿ ಬೇಕೇ ಬೇಕು. ಬೀಜ ಕೊಂಡ ರೈತ ಸಹ ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ತೀರ್ಮಾನಿಸಿದೆ. ಆದರೆ ಕೊಂಡದ್ದಕ್ಕೆ ಪುರಾವೆ ಬೇಕಾಗುತ್ತದೆ. ಹೊಲದಲ್ಲಿ ಆ ಬೀಜದ ಬೆಳೆ ಇನ್ನೂ ನಿಂತಿದ್ದರೆ ಕೊಯ್ಲು ಮುಗಿಯುವವರೆಗೆ ಕಾಯುವುದೇ ಲೇಸು. ಇಲ್ಲವೆಂದರೆ ಎಲ್ಲ ಬಿಲ್ಲುಗಳನ್ನು ಇಳಿಸಿಕೊಂಡು ಕಾಗದದ ಮೇಲೆ ಮುದ್ರಿಸಿ ಇಟ್ಟುಕೊಳ್ಳಬೇಕು.

ಎರಡನೆಯದಾಗಿ, ಆ ಸಂಸ್ಥೆಗೆ ಪ್ರತಿ ತಿಂಗಳೂ ತಾನೇ ಹಣ ಕಡಿತವಾಗುವಂತೆ ಒಪ್ಪಿಗೆ ಕೊಟ್ಟಿದ್ದರೆ ಅದನ್ನು ಮೊದಲು ರದ್ದುಪಡಿಸಬೇಕು. ಈ ಒಪ್ಪಿಗೆ ನಿಮ್ಮ ಯುಪಿಐ ಆ್ಯಪ್‌ನ Autopay ಎಂಬ ಭಾಗದಲ್ಲಿ ಇರುತ್ತದೆ. ಖಾತೆ ಅಳಿಸಿದ ಮಾತ್ರಕ್ಕೆ ಇದು ನಿಲ್ಲುತ್ತದೆಂದು ನಂಬಬಾರದು. ಖಾತೆಯಲ್ಲಿ ಉಳಿದ ಹಣವಿದ್ದರೆ ಅದನ್ನೂ ಹಿಂದಕ್ಕೆ ಪಡೆಯಬೇಕು.

ಮೂರನೆಯದಾಗಿ, ಖಾತೆಯ ಪುಟಗಳ ಚಿತ್ರ ತೆಗೆದುಕೊಳ್ಳಬೇಕು. ನಿಮ್ಮ ಯಾವ ಯಾವ ವಿವರಗಳು ಅವರಲ್ಲಿವೆ ಎಂಬುದಕ್ಕೂ, ಅಳಿಸುವ ಗುಂಡಿ ಎಲ್ಲಿಯೂ ಇಲ್ಲವೆಂಬುದಕ್ಕೂ ಇದೇ ಸಾಕ್ಷಿ. ಆನಂತರ ಮೊಬೈಲಿನ ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪ್‌ಗೆ ಕೊಟ್ಟಿದ್ದ ಸ್ಥಳ, ಸಂಪರ್ಕ ಸಂಖ್ಯೆ, ಕ್ಯಾಮೆರಾ ಅನುಮತಿಗಳನ್ನು ಹಿಂತೆಗೆದುಕೊಳ್ಳಬೇಕು. ಸಂಸ್ಥೆಯ ಉತ್ತರ ಬರುವವರೆಗೆ ಆ್ಯಪ್ ತೆಗೆಯಬಾರದು. ನೋಂದಾಯಿಸಿದ ಸಿಮ್ ಕಾರ್ಡನ್ನೂ ಬದಲಾಯಿಸಬಾರದು. ಖಾತೆ ನಿಮ್ಮದೇ ಎಂದು ತೋರಿಸಲು ಆ ಸಂಖ್ಯೆಯೇ ಆಧಾರ.

ಕಾನೂನು ಏನು ಹೇಳುತ್ತದೆ?

ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪಿತ್ತರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಇದಾದ ಮೇಲೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 2023ರಲ್ಲಿ ಬಂತು. ಈ ಕಾಯಿದೆಯ 6ನೆಯ ಕಲಮಿನಲ್ಲಿರುವ ಒಂದು ತತ್ತ್ವವನ್ನು ನೆನಪಿಡಬೇಕು: ಒಪ್ಪಿಗೆ ಕೊಡುವುದು ಎಷ್ಟು ಸುಲಭವಾಗಿತ್ತೋ ಅದನ್ನು ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು. 12ನೆಯ ಕಲಮು ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕನ್ನು ಕೊಡುತ್ತದೆ.

ಆದರೆ ಈ ಕಲಮುಗಳು ಜಾರಿಗೆ ಬರುವ ದಿನವನ್ನು ಗಮನಿಸಬೇಕು. ಕಾಯಿದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅಳಿಸುವ ಹಕ್ಕಿನ ಭಾಗಕ್ಕೆ 18 ತಿಂಗಳ ಅವಧಿ ಕೊಡಲಾಗಿದ್ದು, 2027ರ ಮೇ ತಿಂಗಳಿನಿಂದ ಅದು ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ.

ಅಲ್ಲಿಯವರೆಗೆ ಆಧಾರವಾಗಿ ಎರಡು ನಿಯಮಗಳನ್ನು ಬಳಸಬಹುದು. ಮಾಹಿತಿ ತಂತ್ರಜ್ಞಾನ ಕಾಯಿದೆಯಡಿ 2011ರಲ್ಲಿ ಮಾಡಿದ ನಿಯಮಗಳ 5ನೆಯ ನಿಯಮದಂತೆ, ಬ್ಯಾಂಕ್ ಖಾತೆಯಂತಹ ಸೂಕ್ಷ್ಮ ಮಾಹಿತಿಗೆ ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಆದರೆ ಹಿಂತೆಗೆತ ಬರಹದಲ್ಲಿರಬೇಕು. ಫೋನಿನಲ್ಲಿ ಹೇಳಿದರೆ ಸಾಲದು, ಪತ್ರವೇ ಬೇಕು ಎನ್ನುವುದಕ್ಕೆ ಕಾರಣ ಇದೇ. ಇನ್ನೊಂದು, ಅಂತರ್ಜಾಲ ವ್ಯಾಪಾರಕ್ಕಾಗಿ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 2020ರಲ್ಲಿ ಮಾಡಿದ ನಿಯಮಗಳು. ಇವುಗಳ ಪ್ರಕಾರ ಮಾರಾಟದ ಸಂಸ್ಥೆಯ ಕುಂದುಕೊರತೆ ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿತೆಂದು ತಿಳಿಸಬೇಕು ಮತ್ತು ಒಂದು ತಿಂಗಳೊಳಗೆ ಅದನ್ನು ಪರಿಹರಿಸಬೇಕು. ಇದಲ್ಲದೆ, ಗ್ರಾಹಕನಿಗೆ ಬೇಕಾದ ಆಯ್ಕೆಯನ್ನು ಪರದೆಯ ಮೇಲೆ ಮರೆಮಾಚಿ ದಾರಿ ತಪ್ಪಿಸುವ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳಲ್ಲಿ ನಿಷೇಧಿಸಿದೆ. ಇವುಗಳಿಗೆ ಡಾರ್ಕ್ ಪ್ಯಾಟರ್ನ್ ಎಂದು ಹೆಸರು.

ಏನನ್ನು ಅಳಿಸಬಹುದು, ಏನನ್ನು ಅಳಿಸಲಾಗದು?

"ನನ್ನ ಎಲ್ಲ ಮಾಹಿತಿ ಅಳಿಸಿ" ಎಂದು ಒಂದೇ ಸಾಲಿನಲ್ಲಿ ಬರೆದರೆ, "ಕಾನೂನಿನಂತೆ ಕೆಲವು ಮಾಹಿತಿ ಇಡಬೇಕಾಗಿದೆ" ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ಅದರ ಮರೆಯಲ್ಲಿ ಎಲ್ಲವೂ ಉಳಿಯುತ್ತದೆ. ಆದುದರಿಂದ ಮಾಹಿತಿಯನ್ನು ವಿಂಗಡಿಸಿ ಬರೆಯಬೇಕು. ಇಡೀ ಪತ್ರದ ಬಲ ಇರುವುದು ಈ ವಿಂಗಡಣೆಯಲ್ಲಿ.

ನಮ್ಮ ಉದಾಹರಣೆಯ ರೈತರ ಬಿಲ್ಲನ್ನೇ ನೋಡೋಣ. ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ ಪ್ರಕಾರ ವ್ಯಾಪಾರಿಯು ಲೆಕ್ಕಪತ್ರಗಳನ್ನು, ಆ ವರ್ಷದ ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2024ರ ಜೂನ್‌ನ ಖರೀದಿ 2024-25ನೆಯ ಸಾಲಿಗೆ ಸೇರುತ್ತದೆ. ಆ ಸಾಲಿನ ವಾರ್ಷಿಕ ವಿವರಕ್ಕೆ ಕೊನೆಯ ದಿನ 2025ರ ಡಿಸೆಂಬರ್ 31. ಅಲ್ಲಿಂದ 72 ತಿಂಗಳೆಂದರೆ 2031ರ ಡಿಸೆಂಬರ್ ಕೊನೆ. ಅಲ್ಲಿಯವರೆಗೆ ಆ ಬಿಲ್ಲು ಅವರಲ್ಲಿ ಇರುವುದು ನ್ಯಾಯವೇ. ಆದರೆ ಬಿಲ್ಲಿಗೆ ಬೇಕಾದದ್ದು ಹೆಸರು, ವಿಳಾಸ, ಸರಕು, ಬೆಲೆ ಇಷ್ಟು ಮಾತ್ರ. ಪಹಣಿಯ ಫೋಟೋ, ಹೊಲದ ಸ್ಥಳ, ಸಂಪರ್ಕ ಸಂಖ್ಯೆಗಳ ಪಟ್ಟಿ ಇವು ಬಿಲ್ಲಿನ ಭಾಗವಲ್ಲ. ಇವನ್ನು ಇಟ್ಟುಕೊಳ್ಳಲು ತೆರಿಗೆಯ ನೆಪ ಹೇಳಲಾಗದು.

ಅದೇ ಆ್ಯಪ್ ಮೂಲಕ ಸಾಲ ಪಡೆದಿದ್ದರೆ ವಿಷಯ ಬೇರೆ. ಸಾಲ ತೀರದೆ ಖಾತೆ ಮುಚ್ಚಲಾಗದು. ಸಾಲ ಕೊಟ್ಟ ಬ್ಯಾಂಕು ಅಥವಾ ಹಣಕಾಸು ಸಂಸ್ಥೆ ಗ್ರಾಹಕನ ಗುರುತಿನ ದಾಖಲೆಗಳನ್ನು ವ್ಯವಹಾರ ಮುಗಿದ ಮೇಲೂ 5 ವರ್ಷ ಇಡಬೇಕೆಂಬ ನಿಯಮವಿದೆ. ಆದರೂ ಸಾಲದ ಆ್ಯಪ್ ನಿಮ್ಮ ಸಂಪರ್ಕ ಸಂಖ್ಯೆಗಳನ್ನು, ಕರೆಗಳ ಪಟ್ಟಿಯನ್ನು ನೋಡುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದೆ. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲು ಮತ್ತು ಮಾಹಿತಿಯನ್ನು ಅಳಿಸಲು ಅವಕಾಶ ಕೊಡಬೇಕೆಂದೂ ಅದೇ ಆದೇಶದಲ್ಲಿದೆ.

ಭೂಮಿ ತಂತ್ರಾಂಶದ ಪಹಣಿ, ಫ್ರೂಟ್ಸ್ ನೋಂದಣಿ, ಪಿಎಂ-ಕಿಸಾನ್ ಮುಂತಾದ ಸರ್ಕಾರಿ ದಾಖಲೆಗಳಿಗೆ ಈ ಪತ್ರ ಬಳಸಬಾರದು. ಸಹಾಯಧನ ಮತ್ತು ಇತರ ಸವಲತ್ತುಗಳಿಗೆ ಅವು ಬೇಕಾಗುತ್ತವೆ.

ಪತ್ರದ ಮಾದರಿ

ಪತ್ರವನ್ನು ಕನ್ನಡದಲ್ಲಿಯೇ ಬರೆಯಬಹುದು. ಸಂಸ್ಥೆಯ ಕಚೇರಿ ಹೊರರಾಜ್ಯದಲ್ಲಿದ್ದರೆ ಜೊತೆಗೆ ಒಂದು ಇಂಗ್ಲಿಷ್ ಪ್ರತಿಯನ್ನು ಬರೆಸಿ ಲಗತ್ತಿಸಿದರೆ ಕೆಲಸ ಬೇಗ ಸಾಗುತ್ತದೆ. ಮಾದರಿ ಹೀಗಿದೆ:

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
(ಸಂಸ್ಥೆಯ ಹೆಸರು ಮತ್ತು ವಿಳಾಸ)

ದಿನಾಂಕ: .........

ವಿಷಯ: ನನ್ನ ಖಾತೆ ಹಾಗೂ ವೈಯಕ್ತಿಕ ಮಾಹಿತಿಯನ್ನು ಅಳಿಸುವ ಬಗ್ಗೆ.

ಮಾನ್ಯರೇ,

1. ನಿಮ್ಮ ಆ್ಯಪ್‌ನಲ್ಲಿ ......... ಎಂಬ ಹೆಸರಿನಲ್ಲಿ, ......... ಎಂಬ ಮೊಬೈಲ್ ಸಂಖ್ಯೆಯಿಂದ ನಾನು ಖಾತೆ ತೆರೆದಿರುತ್ತೇನೆ. ಖಾತೆಯನ್ನು ಅಳಿಸುವ ಅವಕಾಶ ಆ್ಯಪ್‌ನಲ್ಲಿ ಕಂಡುಬಂದಿಲ್ಲ. ದಿನಾಂಕ ......... ರಂದು ತೆಗೆದ ಪರದೆಯ ಚಿತ್ರಗಳನ್ನು ಲಗತ್ತಿಸಿದ್ದೇನೆ.

2. ನನ್ನ ಮಾಹಿತಿಯನ್ನು ಸಂಗ್ರಹಿಸಲು, ಬಳಸಲು ಮತ್ತು ಇತರರಿಗೆ ಕೊಡಲು ಹಿಂದೆ ನೀಡಿದ್ದ ಒಪ್ಪಿಗೆಯನ್ನು ಈ ಪತ್ರದ ಮೂಲಕ ಹಿಂತೆಗೆದುಕೊಂಡಿದ್ದೇನೆ.

3. ಖಾತೆಯನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸದೆ, ಶಾಶ್ವತವಾಗಿ ಅಳಿಸಬೇಕು. ಅದರೊಂದಿಗೆ ಕೆಳಕಂಡ ಮಾಹಿತಿಯನ್ನೂ ಅಳಿಸಬೇಕು: ಆಧಾರ್ ಮತ್ತು ಪಹಣಿಯ ಪ್ರತಿಗಳು, ಸರ್ವೆ ನಂಬರು, ಹೊಲದ ಸ್ಥಳ, ಬೆಳೆಯ ವಿವರ, ಫೋಟೋಗಳು, ಬ್ಯಾಂಕ್ ಖಾತೆಯ ವಿವರ, ನನ್ನ ಮೊಬೈಲಿನಿಂದ ಪಡೆದ ಸಂಪರ್ಕ ಸಂಖ್ಯೆಗಳು.

4. ಕಾನೂನಿನ ಪ್ರಕಾರ ಉಳಿಸಿಕೊಳ್ಳಬೇಕಾದ ಬಿಲ್ಲು ಅಥವಾ ಇತರ ದಾಖಲೆಗಳಿದ್ದರೆ, ಯಾವ ದಾಖಲೆ, ಯಾವ ಕಾನೂನು, ಯಾವ ದಿನಾಂಕದವರೆಗೆ ಎಂಬುದನ್ನು ಒಂದೊಂದಾಗಿ ತಿಳಿಸಬೇಕು. ಅವನ್ನು ಮಾರಾಟ ಅಥವಾ ಪ್ರಚಾರಕ್ಕೆ ಬಳಸಬಾರದು.

5. ನನ್ನ ಮಾಹಿತಿಯನ್ನು ಯಾವ ಯಾವ ಸಂಸ್ಥೆಗಳಿಗೆ ಕೊಡಲಾಗಿದೆ ಎಂಬುದನ್ನು ತಿಳಿಸಿ, ಅವರೂ ಅದನ್ನು ಅಳಿಸುವಂತೆ ಸೂಚಿಸಬೇಕು.

6. ಈ ಪತ್ರ ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಕ್ರಮ ಕೈಗೊಂಡು ಬರಹದ ಮೂಲಕ ಉತ್ತರಿಸಬೇಕಾಗಿ ಕೋರುತ್ತೇನೆ. (ಮಾಹಿತಿ ತಂತ್ರಜ್ಞಾನ ನಿಯಮಗಳು 2011, ನಿಯಮ 5, ಗ್ರಾಹಕ ಸಂರಕ್ಷಣೆ ಇ-ವಾಣಿಜ್ಯ ನಿಯಮಗಳು 2020, ನಿಯಮ 4.)

ತಮ್ಮ ವಿಶ್ವಾಸಿ,
(ಹೆಸರು, ಸಹಿ)

ಪತ್ರದಲ್ಲಿ ಸರ್ವೆ ನಂಬರು ಎಂಬ ಪದ ಸಾಕು, ಸಂಖ್ಯೆಯನ್ನು ಬರೆಯಬಾರದು. ಅದೇ ರೀತಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆಗಳನ್ನೂ ಬರೆಯಬಾರದು. ಲಗತ್ತಿಸುವ ಚಿತ್ರಗಳಲ್ಲಿ ಅವು ಕಾಣುತ್ತಿದ್ದರೆ ಆ ಭಾಗವನ್ನು ಮುಚ್ಚಬೇಕು. ಅಳಿಸಲು ಬರೆಯುವ ಪತ್ರದ ಮೂಲಕವೇ ಅದೇ ಮಾಹಿತಿಯ ಇನ್ನೊಂದು ಪ್ರತಿಯನ್ನು ಅವರಿಗೆ ಕೊಟ್ಟಂತೆ ಆಗಬಾರದು. 2027ರ ಮೇ ತಿಂಗಳ ನಂತರ ಬರೆಯುವವರು 6ನೆಯ ಅಂಶದಲ್ಲಿ 2011ರ ನಿಯಮಗಳ ಬದಲು 2023ರ ಕಾಯಿದೆಯ 6 ಮತ್ತು 12ನೆಯ ಕಲಮುಗಳನ್ನು ಕಾಣಿಸಬೇಕು.

ನೋಂದಾಯಿಸಿದ ಇ-ಮೇಲ್ ಇದ್ದರೆ ಅದರಿಂದಲೇ ಕಳುಹಿಸಬೇಕು. ಇ-ಮೇಲ್ ಇಲ್ಲದವರು ಸಹಿ ಮಾಡಿದ ಪತ್ರವನ್ನು ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿ ಇಟ್ಟುಕೊಳ್ಳಬೇಕು. ಎರಡೂ ರೀತಿ ಕಳುಹಿಸಿದರೆ ಇನ್ನೂ ಒಳ್ಳೆಯದು.

ಬರುವ ಉತ್ತರಗಳು ಮತ್ತು ಅವುಗಳ ಅರ್ಥ

ನಮ್ಮ ರೈತರು ಜನವರಿ 5ರಂದು ಇ-ಮೇಲ್ ಕಳುಹಿಸಿದರೆಂದು ಇಟ್ಟುಕೊಳ್ಳೋಣ. ಜನವರಿ 7ರೊಳಗೆ ತಲುಪಿದ ಸೂಚನೆ ಬರಬೇಕು. ಫೆಬ್ರವರಿ 5ರೊಳಗೆ ಪರಿಹಾರ ಸಿಗಬೇಕು. ಈ ಎರಡು ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಬೇಕು. ಬರುವ ಉತ್ತರಗಳು ಸಾಮಾನ್ಯವಾಗಿ ಮೂರು ಬಗೆ.

"ನಿಮ್ಮ ಖಾತೆಯನ್ನು ನಿಷ್ಕ್ರಿಯಗೊಳಿಸಿದ್ದೇವೆ" ಎಂಬುದು ಒಂದು. ಇದರ ಅರ್ಥ ಖಾತೆಗೆ ಬೀಗ ಹಾಕಿದ್ದಾರೆ, ಒಳಗಿನ ಸಾಮಾನು ಹಾಗೆಯೇ ಇದೆ ಎಂದು. ಪರದೆಯಲ್ಲಿ Deactivate ಎಂದಿದ್ದರೂ ಇದೇ ಅರ್ಥ. ಪತ್ರದ 3ನೆಯ ಅಂಶವನ್ನು ನೆನಪಿಸಿ ಅದೇ ಇ-ಮೇಲಿಗೆ ಮರು ಉತ್ತರ ಬರೆಯಬೇಕು.

"ಗುರುತಿಗಾಗಿ ಆಧಾರ್ ಪ್ರತಿ ಕಳುಹಿಸಿ" ಎಂಬುದು ಎರಡನೆಯದು. ಖಾತೆ ತೆರೆದದ್ದು ಫೋನ್ ಸಂಖ್ಯೆಯಿಂದ ಆದುದರಿಂದ ಆ ಸಂಖ್ಯೆಯ ಮೂಲಕವೇ ಗುರುತನ್ನು ಖಚಿತಪಡಿಸಿಕೊಳ್ಳಿ, ಸಂಕೇತವನ್ನು ನಿಮ್ಮ ಆ್ಯಪ್‌ನಲ್ಲಿ ನಾನೇ ನಮೂದಿಸುತ್ತೇನೆ ಎಂದು ತಿಳಿಸಬೇಕು. ಆ ಸಂಕೇತವನ್ನು ಫೋನಿನಲ್ಲಿ ಯಾರಿಗೂ ಓದಿ ಹೇಳಬಾರದು. ಅನಿವಾರ್ಯವಾದರೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮರೆಮಾಡಿದ ಆಧಾರ್ ಪ್ರತಿಯನ್ನು ಕೊಡಬಹುದು. ಇದು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಸಿಗುತ್ತದೆ. ಪ್ರತಿಯ ಮೇಲೆ "ಖಾತೆ ಅಳಿಸಲು ಮಾತ್ರ" ಎಂದು ಬರೆದು ದಿನಾಂಕ ಹಾಕಬೇಕು.

"ಖಾತೆ ಅಳಿಸಲಾಗಿದೆ" ಎಂಬುದು ಮೂರನೆಯದು. ಇದನ್ನು ಪರೀಕ್ಷಿಸುವಾಗ ಅವಸರ ಮಾಡಬಾರದು. ಕೆಲವು ಸಂಸ್ಥೆಗಳು ಅಳಿಸುವ ಮುನ್ನ 30 ದಿನಗಳಂತಹ ಕಾಯುವ ಅವಧಿ ಇಟ್ಟಿರುತ್ತವೆ. ಆ ಅವಧಿಯಲ್ಲಿ ನೀವು ಒಮ್ಮೆ ಒಳಹೊಕ್ಕರೆ ಕೋರಿಕೆ ತಾನಾಗಿಯೇ ರದ್ದಾಗುತ್ತದೆ. ಅವಧಿ ಎಷ್ಟೆಂದು ಪತ್ರದಲ್ಲಿಯೇ ಕೇಳಿ, ಅದು ಮುಗಿದ ಮೇಲೆ ಅದೇ ಸಂಖ್ಯೆಯಿಂದ ಒಳಹೋಗಲು ಪ್ರಯತ್ನಿಸಬೇಕು. ಆ್ಯಪ್ ಹೊಸಬರನ್ನು ಕೇಳುವಂತೆ ಹೆಸರು, ಊರು ಕೇಳಿದರೆ ಖಾತೆ ಹೋಗಿದೆ ಎನ್ನಬಹುದು. ಏನನ್ನೂ ತುಂಬದೆ ಅಲ್ಲಿಂದಲೇ ಹೊರಬರಬೇಕು. ಹಳೆಯ ಹೆಸರು, ಹಳೆಯ ಬೆಳೆಯ ವಿವರ ಎದ್ದು ಬಂದರೆ ಅಳಿಸಿಲ್ಲ. ಆಗ ಆ ಪರದೆಯ ಚಿತ್ರವೇ ನಿಮ್ಮ ಮುಂದಿನ ದೂರಿಗೆ ಸಾಕ್ಷಿ.

ಆದರೂ ಈ ಪರೀಕ್ಷೆಗೆ ಒಂದು ಮಿತಿಯಿದೆ. ಖಾತೆ ಹೋಗಿದೆಯೆಂದು ಇದು ತೋರಿಸುತ್ತದೆಯೇ ಹೊರತು, ಸಂಸ್ಥೆಯವರು ಬೇರೆ ಕಡೆ ಇಟ್ಟ ಪ್ರತಿಗಳೂ ಹೋಗಿವೆಯೆಂದು ತೋರಿಸುವುದಿಲ್ಲ. ಮೊದಲೇ ಇತರ ವ್ಯಾಪಾರಿಗಳ ಕೈ ಸೇರಿದ ನಿಮ್ಮ ಸಂಖ್ಯೆಯನ್ನು ಈ ಪತ್ರ ಪೂರ್ತಿಯಾಗಿ ಹಿಂದಕ್ಕೆ ತರಲಾರದು. ಆದುದರಿಂದಲೇ 5ನೆಯ ಅಂಶಕ್ಕೆ ಬರಹದ ಉತ್ತರ ಪಡೆಯುವುದು ಮುಖ್ಯ. ಯಾರ್ಯಾರಿಗೆ ಕೊಟ್ಟಿದ್ದಾರೆಂದು ತಿಳಿದರೆ ಅವರಿಗೂ ಇದೇ ಮಾದರಿಯ ಪತ್ರ ಬರೆಯಬಹುದು.

ಉತ್ತರವೇ ಬಾರದಿದ್ದರೆ

ಒಂದು ತಿಂಗಳು ಕಳೆದರೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ಅಥವಾ consumerhelpline.gov.in ಜಾಲತಾಣದಲ್ಲಿ ದೂರು ದಾಖಲಿಸಬಹುದು. ದೂರಿನಲ್ಲಿ ಪತ್ರ ಕಳುಹಿಸಿದ ದಿನಾಂಕ, ಕಳೆದ ದಿನಗಳ ಸಂಖ್ಯೆ, ಅಳಿಸುವ ಆಯ್ಕೆಯನ್ನು ಮರೆಮಾಚಿರುವುದು ಈ ಮೂರನ್ನು ತಿಳಿಸಿ, ಚಿತ್ರಗಳನ್ನು ಲಗತ್ತಿಸಬೇಕು. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಸಾಲದ ಆ್ಯಪ್ ಆಗಿದ್ದರೆ ಅದರ ಹಿಂದಿರುವ ಬ್ಯಾಂಕು ಅಥವಾ ಹಣಕಾಸು ಸಂಸ್ಥೆಗೆ ಮೊದಲು ಬರೆದು, 30 ದಿನಗಳೊಳಗೆ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ cms.rbi.org.in ಜಾಲತಾಣದಲ್ಲಿ ದೂರಬಹುದು.

ಈ ನಡುವೆ ಯಾರಾದರೂ ನಿಮ್ಮ ವಿವರ ಬಳಸಿ ಬ್ಯಾಂಕಿನಿಂದ ಹಣ ತೆಗೆದಿದ್ದರೆ ಪತ್ರದ ಉತ್ತರಕ್ಕೆ ಕಾಯಬಾರದು. ಆಗ 1930 ಸಂಖ್ಯೆಗೆ ಕೂಡಲೇ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಹಣ ಮುಂದಿನ ಖಾತೆಗಳಿಗೆ ಹರಿದುಹೋಗುವ ಮುನ್ನ ತಡೆಯಲು ಮೊದಲ ಕೆಲವು ಗಂಟೆಗಳೇ ಮುಖ್ಯ.

ಪತ್ರದ ಪ್ರತಿ, ಅಂಚೆಯ ರಸೀದಿ, ಪರದೆಯ ಚಿತ್ರಗಳು ಮತ್ತು ಬಂದ ಉತ್ತರ ಇವೆಲ್ಲವನ್ನು ಬೀಜದ ಬಿಲ್ಲುಗಳಿರುವ ಕಡತದಲ್ಲಿಯೇ ಸೇರಿಸಿಡಿ. ಬಿಲ್ಲನ್ನು ಯಾವ ದಿನಾಂಕದವರೆಗೆ ಇಡುತ್ತೇವೆಂದು ಸಂಸ್ಥೆ ತಿಳಿಸಿದೆಯೋ ಆ ದಿನಾಂಕವನ್ನು ಕಡತದ ಮೇಲೆಯೇ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಅದು 2031ರ ಡಿಸೆಂಬರ್ 31. ಆ ದಿನ ಕಳೆದ ಮೇಲೆ ಉಳಿದ ದಾಖಲೆಯನ್ನೂ ಅಳಿಸಿರೆಂದು, ಹಳೆಯ ಪತ್ರದ ದಿನಾಂಕವನ್ನು ಕಾಣಿಸಿ, ಎರಡು ಸಾಲಿನ ಪತ್ರ ಬರೆದರೆ ಸಾಕು.